ಹನ್ನೆರಡು ಚಕ್ರ, ಕೊನೇ ಗಳಿಗೆಯ ಒಂದು ಸೀಟು

ನಾನು ಮಣ್ಣಿನ ಪಾತ್ರೆ ಮಾಡುವ ಕಾರ್ಯಾಗಾರ ನಡೆಸುತ್ತೇನೆ. ಇರುವುದು 12 ಚಕ್ರ. ಒಬ್ಬಿಬ್ಬರು ಹೇಗೂ ಬರಲ್ಲ ಅಂತ ಜಾಸ್ತಿ ಜನರನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಎಲ್ಲರೂ ಬಂದರೆ ಹದಿಮೂರನೆಯವರು ಸುಮ್ನೆ ನಿಲ್ಲಬೇಕಾಗುತ್ತದೆ.

ಮೊದಲು ನನ್ನ ವೇಟಿಂಗ್ ಲಿಸ್ಟ್ ಬರೀ ಹೆಸರು, ಫೋನ್ ನಂಬರಿನ ಪಟ್ಟಿಯಾಗಿತ್ತು. ಸೀಟು ಖಾಲಿಯಾದರೆ ಮೊದಲನೆಯವರಿಗೆ ಹೇಳಿ 24 ಗಂಟೆ ಕಾಯುತ್ತಿದ್ದೆ. ಒಂದು ಸಲ ಶನಿವಾರ ಬೆಳಿಗ್ಗೆ 10ಕ್ಕೆ ಕಾರ್ಯಾಗಾರ, ಗುರುವಾರ ಸಂಜೆ 6ಕ್ಕೆ ಒಬ್ಬರು ಬರಲಾಗಲ್ಲ ಅಂದರು. ಪಟ್ಟಿಯಲ್ಲಿ 9 ಜನ ಇದ್ದರು. ಮೊದಲನೆಯವರು ಮೆಸೇಜ್ ನೋಡುವ ಹೊತ್ತಿಗೆ ಶುಕ್ರವಾರ ಸಂಜೆಯಾಗಿತ್ತು, ಬೇರೆ ಕೆಲಸ ಒಪ್ಪಿಕೊಂಡಿದ್ದರು. ಎರಡನೆಯವರಿಗೆ ಹೇಳಿದೆ, ಉತ್ತರ ಬರಲಿಲ್ಲ. ಚಕ್ರ ಖಾಲಿ ಉಳಿಯಿತು. ಆರನೆಯವರು ಆಮೇಲೆ ಸಿಕ್ಕಾಗ, 'ರಾತ್ರಿ ಹೇಳಿದ್ದರೂ ಬರ್ತಿದ್ದೆ' ಅಂದರು. ಅದು ಬಹಳ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಈಗ ಪಟ್ಟಿಗೆ ಸೇರುವಾಗಲೇ ಒಂದು ಪ್ರಶ್ನೆ ಕೇಳುತ್ತೇನೆ: ಎಷ್ಟು ಮುಂಚೆ ಹೇಳಿದರೆ ನೀವು ಬರಬಲ್ಲಿರಿ? ಮೂರು ದಿನ, ಒಂದು ದಿನ, ಅಥವಾ ಅದೇ ದಿನ ಬೆಳಿಗ್ಗೆ. ಮಕ್ಕಳನ್ನು ಯಾರಿಗಾದರೂ ಒಪ್ಪಿಸಿ ಬರುವವರಿಗೆ ಮೂರು ದಿನ ಬೇಕೇ ಬೇಕು. ಅವರಿಗೆ ಹಿಂದಿನ ರಾತ್ರಿ ಫೋನ್ ಮಾಡಿದರೆ ಅವರಿಗೂ ಬೇಜಾರು, ನನ್ನ ಸಮಯವೂ ಹೋಯಿತು.

ಉತ್ತರಕ್ಕೆ ಕೊಡುವ ಗಡುವೂ ದಿನ ಹತ್ತಿರವಾದಂತೆ ಚಿಕ್ಕದಾಗುತ್ತದೆ. ವಾರಕ್ಕಿಂತ ಜಾಸ್ತಿ ಇದ್ದರೆ 24 ಗಂಟೆ. ಮೂರು ದಿನಕ್ಕಿಂತ ಕಡಿಮೆ ಇರುವಾಗ ಸೀಟು ಖಾಲಿಯಾದರೆ 3 ಗಂಟೆ, ಅದೂ ಹಗಲು ಹೊತ್ತಿನಲ್ಲಿ. ಅಲ್ಲಿಯವರೆಗೂ ಸರದಿ ಸರದಿಯೇ. ಕೊನೆಯ 24 ಗಂಟೆಯಲ್ಲಿ ಮಾತ್ರ ಸರದಿ ಬಿಟ್ಟು, 'ಅದೇ ದಿನವೂ ಬರುತ್ತೇನೆ' ಅಂದವರಿಗೆಲ್ಲ ಒಟ್ಟಿಗೆ ಹೇಳುತ್ತೇನೆ. ಮೊದಲು 'ಬರುತ್ತೇನೆ' ಅಂದವರಿಗೆ ಸೀಟು. ಈ ನಿಯಮ ಪಟ್ಟಿಗೆ ಸೇರುವ ದಿನವೇ ಗೊತ್ತಿರಬೇಕು. ಇಲ್ಲದಿದ್ದರೆ ಮೇಲಿನವರಿಗೆ ಮೋಸ ಮಾಡಿದ ಹಾಗಾಗುತ್ತದೆ, ಅಲ್ವಾ?

ಒಟ್ಟಿಗೆ ಹೇಳುವಾಗ ಹಣ ಕಟ್ಟುವ ಲಿಂಕ್ ಕಳಿಸಬಾರದು. ಒಮ್ಮೆ ಹಾಗೆ ಕಳಿಸಿ, ಐದೇ ನಿಮಿಷದಲ್ಲಿ ಒಂದು ಸೀಟಿಗೆ ಇಬ್ಬರು ಹಣ ಕಟ್ಟಿಬಿಟ್ಟರು. ಒಬ್ಬರಿಗೆ ಕ್ಷಮೆ ಕೇಳಿ ವಾಪಸ್ ಕೊಟ್ಟೆ. ಈಗ ಮೊದಲು ಉತ್ತರಿಸಿದ ಒಬ್ಬರಿಗೆ ಮಾತ್ರ ಲಿಂಕ್ ಹೋಗುತ್ತದೆ, ಅರ್ಧ ಗಂಟೆ ಸಮಯ. ಅವರು ಕಟ್ಟದಿದ್ದರೆ ನಂತರ ಉತ್ತರಿಸಿದವರಿಗೆ.

ತಡವಾಗಿ ತಿಳಿಸುವವರ ವಿಷಯಕ್ಕೂ ಒಂದು ದಾರಿ ಮಾಡಿಕೊಂಡೆ. ಏಳು ದಿನ ಮುಂಚೆ ಹೇಳಿದರೆ ಪೂರ್ತಿ ಹಣ ವಾಪಸ್. ಆಮೇಲೆ ಹೇಳಿದರೆ, ಆ ಸೀಟು ಬೇರೆಯವರು ತೆಗೆದುಕೊಂಡರೆ ಮಾತ್ರ ವಾಪಸ್. ಮೊದಲು 'ತಡವಾದರೆ ಹಣ ಇಲ್ಲ' ಅಂತಷ್ಟೇ ಇತ್ತು. ಹೇಗೂ ಹಣ ಹೋಯಿತಲ್ಲ ಅಂತ ಜನ ಹೇಳದೆಯೇ ಉಳಿದುಬಿಡುತ್ತಿದ್ದರು. ಈಗ ಬರಲಾಗಲ್ಲ ಅಂತ ಗೊತ್ತಾದ ತಕ್ಷಣ ಫೋನ್ ಬರುತ್ತದೆ, ಯಾಕೆಂದರೆ ಬೇಗ ಹೇಳಿದಷ್ಟೂ ಸೀಟು ತುಂಬುವ ಸಾಧ್ಯತೆ ಜಾಸ್ತಿ.

ಶುರುವಾಗಲು ಎರಡು ಗಂಟೆಗಿಂತ ಕಡಿಮೆ ಇರುವಾಗ ಖಾಲಿಯಾದ ಸೀಟನ್ನು ಹಾಗೇ ಬಿಡುತ್ತೇನೆ. ಮಣ್ಣು ನಾದುವುದನ್ನು ತಪ್ಪಿಸಿಕೊಂಡು ನಡುವೆ ಸೇರಿದವರಿಗೆ ಆ ದಿನದ ಪಾಠ ಸಿಗುವುದಿಲ್ಲ.