ಅರಬ್ಬಿ ಟೆಂಡರನ್ನು ನಾನು ಅನುವಾದಿಸುವುದು ಬ್ಯಾಂಕ್ ಗ್ಯಾರಂಟಿಯಿಂದ

ಸೌದಿ ಟೆಂಡರ್ ಪ್ರಕಟಣೆ ಕೈಗೆ ಬಂದರೆ ಮೇಲಿನಿಂದ ಕೆಳಗೆ ಇಂಗ್ಲಿಷಿಗೆ ಇಳಿಸುವ ಪದ್ಧತಿಯನ್ನು ಬಿಟ್ಟು ಕೆಲವು ವರ್ಷಗಳಾದವು. ಮೊದಲು ಬಿಡ್ ಸೆಕ್ಯುರಿಟಿ, ಅಂದರೆ ಬಿಡ್ ಜೊತೆ ಇಡಬೇಕಾದ ಬ್ಯಾಂಕ್ ಗ್ಯಾರಂಟಿ, ಆಮೇಲೆ ತಾರೀಖು, ಆಮೇಲೆ ಅರ್ಹತೆ. ಕಾಮಗಾರಿಯ ವಿವರ ಕಟ್ಟಕಡೆಗೆ. ಕೆಲಸ ಕೊಡುತ್ತಿದ್ದ ಏಜೆನ್ಸಿಯವರು ಒಪ್ಪಲಿಲ್ಲ. ‘ಹೀಗೆ ತುಂಡು ಮಾಡಿದರೆ ಸಮಯ ದುಪ್ಪಟ್ಟು ಹೋಗುತ್ತೆ ಸಾರ್’ ಅಂದರು. ಸೌದಿಯ ಜುಬೈಲಿನಲ್ಲಿ ಗುತ್ತಿಗೆದಾರರ ಆಫೀಸಿನಲ್ಲಿ ಕೂತು ಬಂದ ನನಗೆ ಗೊತ್ತಿತ್ತು, ಸಮಯ ತಿನ್ನುವುದು ಬ್ಯಾಂಕು.

ನಮ್ಮಲ್ಲಿ ಟೆಂಡರಿನ ಠೇವಣಿ, ಇಎಂಡಿ, ಅಂದರೆ ಒಂದು ಡಿಡಿ ತೆಗೆದು ಲಗತ್ತಿಸಿದರೆ ಮುಗಿಯಿತು ಅನ್ನುವ ಅಭ್ಯಾಸ. ಅಲ್ಲಿ ಹೊರದೇಶದ ಬ್ಯಾಂಕಿನ ಗ್ಯಾರಂಟಿ ಸೌದಿಯಲ್ಲಿರುವ ಬ್ಯಾಂಕಿನ ಮೂಲಕವೇ ಬರಬೇಕು. ಬೆಂಗಳೂರಿನ ಬ್ಯಾಂಕು ಅಲ್ಲಿಯ ಬ್ಯಾಂಕಿಗೆ ತಾನು ಹೊಣೆ ಎನ್ನುವ ಕೌಂಟರ್ ಗ್ಯಾರಂಟಿ ಕಳಿಸಿ, ಅಲ್ಲಿಯವರು ಅದನ್ನು ನೋಡಿ ತಮ್ಮದನ್ನು ಕೊಡುವ ಹೊತ್ತಿಗೆ ಸುಮಾರು ಹತ್ತು ದಿನ ಹಿಡಿಯುತ್ತದೆ, ಕಮಿಷನ್ನೂ ಎರಡು ಕಡೆ. ಹಿಂದೆ ಮೂವತ್ತು ಪುಟದ ಅನುವಾದ ಅಚ್ಚುಕಟ್ಟಾಗಿ ಮುಗಿದು ಗ್ರಾಹಕರ ಕೈ ಸೇರುವಷ್ಟರಲ್ಲಿ ಗ್ಯಾರಂಟಿಗೆ ವೇಳೆಯೇ ಉಳಿದಿರುತ್ತಿರಲಿಲ್ಲ. ಅನುವಾದದ ದುಡ್ಡು ನೀರುಪಾಲು.

ಒಂದು ಕಡತವನ್ನೇ ಹೇಳುತ್ತೇನೆ. ಸೌದಿಯ ಪೂರ್ವ ಪ್ರಾಂತ್ಯದಲ್ಲಿ ಪಂಪುಗಳ ನಿರ್ವಹಣೆಯ ಕೆಲಸ, ಬಿಡ್ ಹಾಕುವವರು ಬೆಂಗಳೂರಿನ ಕಂಪನಿ. ಷರತ್ತುಗಳ ಪುಸ್ತಿಕೆ ಸ್ಕ್ಯಾನ್ ಆಗಿ ಬಂದಿತ್ತು, ಬಿಡ್ ಲಕೋಟೆ ತೆರೆಯುವ ದಿನ ಇಸ್ಲಾಮಿ ಹಿಜರಿ ಪಂಚಾಂಗದಲ್ಲಿ ಮಾತ್ರ: ಭಾನುವಾರ, 10-8-1446. ಸೌದಿಯ ಅಧಿಕೃತ ಉಮ್ಮುಲ್ ಖುರಾ ಕ್ಯಾಲೆಂಡರಿನಲ್ಲಿ ಅದು 2025ರ ಫೆಬ್ರವರಿ 9. ಆನ್‌ಲೈನ್ ಪರಿವರ್ತಕಗಳಲ್ಲಿ ಕೆಲವು ಬೇರೆ ಲೆಕ್ಕ ಹಿಡಿಯುವುದರಿಂದ ಒಂದು ದಿನ ಆಚೀಚೆ ಆಗುವುದುಂಟು. ಅದಕ್ಕೇ ವಾರದ ಹೆಸರನ್ನು ನಾನು ಬಿಡುವುದಿಲ್ಲ. ಫೆಬ್ರವರಿ 9 ಭಾನುವಾರವೇ, ತಾಳೆಯಾಯಿತು. ವಾರ ಹೊಂದದಿದ್ದರೆ ಅನುವಾದ ಅಲ್ಲಿಗೇ ನಿಲ್ಲಿಸಿ ಟೆಂಡರ್ ಕರೆದವರಿಗೆ ಪತ್ರ ಬರೆಸುತ್ತೇನೆ.

ಅಂಕಿಗಳನ್ನು ಓದುವಾಗ ಕನ್ನಡದವರು ಇನ್ನೂ ಎಚ್ಚರದಿಂದಿರಬೇಕು. ಅರಬ್ಬಿಯ ಐದು ನೋಡಲು ನಮ್ಮ ಸೊನ್ನೆಯ ಹಾಗೇ ದುಂಡಗಿದೆ, ಅವರ ಸೊನ್ನೆ ಬರೀ ಒಂದು ಚುಕ್ಕಿ. ಮಸುಕಾದ ಸ್ಕ್ಯಾನಿನಲ್ಲಿ ಆ ಚುಕ್ಕಿ ಹಾರಿಹೋದರೆ 90 ದಿನ 9 ಆಗುತ್ತದೆ. ಅಂಕಿಯ ಪಕ್ಕ ಅಕ್ಷರದಲ್ಲಿ ಬರೆದಿದ್ದನ್ನೂ ಓದದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಗ್ಯಾರಂಟಿಯ ಷರತ್ತು: ಬಿಡ್ ಮೊತ್ತದ ಕನಿಷ್ಠ ಶೇ 1, ಲಕೋಟೆ ತೆರೆದ ದಿನದಿಂದ 90 ದಿನ ಜಾರಿಯಲ್ಲಿರಬೇಕು. ಎಣಿಸಿದರೆ ಮೇ 10. ಇಲ್ಲಿಯ ಬ್ಯಾಂಕಿನ ಗುಮಾಸ್ತರು ರೂಢಿಯಂತೆ ‘ಮೂರು ತಿಂಗಳು’ ಅಂತ ಟೈಪ್ ಮಾಡಿದ್ದರು. ಅದು ಮೇ 9ಕ್ಕೇ ಮುಗಿಯುತ್ತದೆ, ಒಂದು ದಿನ ಕಡಿಮೆ. ಮೇ 10 ಶನಿವಾರ ಬೇರೆ, ಅಲ್ಲಿ ವಾರದ ರಜೆ. ಹಾಗಾಗಿ ಅವಧಿಯನ್ನು ತಿಂಗಳಲ್ಲಿ ಹೇಳದೆ ಕೊನೆಯ ತಾರೀಖನ್ನೇ ಬರೆಸಿದೆ, ಸ್ವಲ್ಪ ಮುಂದಕ್ಕೂ ಹಾಕಿಸಿದೆ. ಎಷ್ಟು ದಿನ ಮುಂದಕ್ಕೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬಿಡ್ ಸುಮಾರು 38 ಲಕ್ಷ ರಿಯಾಲ್. ಸರಿಯಾಗಿ 38,000ಕ್ಕೆ ಗ್ಯಾರಂಟಿ ತೆಗೆದರೆ ಕಾಗದ ನೋಡಿದವರಿಗೆಲ್ಲ ನಿಮ್ಮ ದರ ಗೊತ್ತಾಗುತ್ತದೆ, ಕೊನೇ ರಾತ್ರಿ ದರ ಏರಿಸಿದರೆ ಗ್ಯಾರಂಟಿ ಸಾಲದೆ ಬರುತ್ತದೆ. 45,000 ಮಾಡಿ ಅಂದೆ, ಮಾಡಿದರು.

ಅರ್ಹತೆಯಲ್ಲಿ ಝಕಾತ್ ಮತ್ತು ತೆರಿಗೆ, ಸಾಮಾಜಿಕ ವಿಮೆ, ಚೇಂಬರ್ ಸದಸ್ಯತ್ವದ ಪತ್ರಗಳು ನಿಮಗೆಲ್ಲ ಗೊತ್ತಿರುವಂಥವೇ. ಎಡವುವುದು ಗುತ್ತಿಗೆದಾರರ ವರ್ಗೀಕರಣದಲ್ಲಿ. ‘ನಾಲ್ಕನೇ ದರ್ಜೆ ಮತ್ತು ಮೇಲ್ಪಟ್ಟು’ ಅಂದಿದ್ದರೆ ಮೇಲ್ಪಟ್ಟು ಅನ್ನುವುದು ಮೂರು, ಎರಡು, ಒಂದರ ಕಡೆಗೆ, ಏಕೆಂದರೆ ಅಲ್ಲಿ ಒಂದನೆಯದೇ ದೊಡ್ಡದು. ‘ಗ್ರೇಡ್ ಫೋರ್ ಅಂಡ್ ಅಬವ್’ ಅಂತ ಬಿಟ್ಟರೆ ಐದನೆಯವರೂ ಅರ್ಜಿ ಹಾಕುತ್ತಾರೆ. ನಾನು ‘ಗ್ರೇಡ್ ಒನ್ ಟು ಫೋರ್’ ಎಂದೇ ಬರೆಯುತ್ತೇನೆ.

ಬಿಡುವಿದ್ದಾಗ ಈಜಿಪ್ಟಿನ ಪ್ರಕಟಣೆಗಳ ಮೇಲೂ ಕೈಯಾಡಿಸಿದೆ. ಅಲ್ಲಿ ಬಿಡ್ ಜೊತೆ ಇಡುವ ತಾತ್ಕಾಲಿಕ ಭದ್ರತೆಯ ಮೊತ್ತವನ್ನೇ ಅಚ್ಚು ಹಾಕಿರುತ್ತಾರೆ. 2018ರ 182ನೇ ಕಾನೂನಿನ ಪ್ರಕಾರ ಅದು ಅಂದಾಜು ವೆಚ್ಚದ ಶೇ 1.5 ಮೀರುವಂತಿಲ್ಲ. ಅಂದರೆ 3 ಲಕ್ಷ ಪೌಂಡ್ ಭದ್ರತೆ ಕೇಳಿದ್ದರೆ ಅವರ ಅಂದಾಜು 2 ಕೋಟಿಗೆ ಕಡಿಮೆ ಇರಲಾರದು. ಈ ಸಾಲನ್ನು ಅನುವಾದದ ಜೊತೆ ಟಿಪ್ಪಣಿಯಾಗಿ ಕೊಟ್ಟಾಗ ಗ್ರಾಹಕರು ತಾವಾಗಿಯೇ ಫೋನ್ ಮಾಡಿದರು.

ಪದಕ್ಕೆ ಎರಡೂವರೆ ರೂಪಾಯಿ ಲೆಕ್ಕದಲ್ಲಿ ಈ ಕೆಲಸ ಗಿಟ್ಟುವುದಿಲ್ಲ. ಈಗ ಭದ್ರತೆ, ತಾರೀಖು, ಅರ್ಹತೆ ಇರುವ ಒಂದು ಪುಟವನ್ನು ಮೊದಲ ದಿನವೇ ಕೊಡುತ್ತೇನೆ, ಅದಕ್ಕೆ ನಾಲ್ಕೈದು ಸಾವಿರ ಪ್ರತ್ಯೇಕ. ಸಮಯ ದುಪ್ಪಟ್ಟು ಅಂದಿದ್ದ ಏಜೆನ್ಸಿಯವರೇ ಈಗ ಆ ಪುಟ ಬರುವವರೆಗೆ ಉಳಿದದ್ದನ್ನು ಕೇಳುವುದೂ ಇಲ್ಲ.