5:40 ಪೇಸ್‌ನಲ್ಲಿ ಓಡಿದೆ ಅಂತ ವಾಚ್ ಹೇಳಿತು, ಆದರೂ 2 ಗಂಟೆ ದಾಟಿತ್ತು

ಹಿಂದಿನ ಸಲ ಮುಂಬೈ ಹಾಫ್ ಮ್ಯಾರಥಾನ್ ಮುಗಿಸಿದಾಗ ನನ್ನ ವಾಚ್‌ನಲ್ಲಿ ಸರಾಸರಿ ಪೇಸ್ 5:40 ಅಂತ ಇತ್ತು. ಅಂದರೆ ಒಂದು ಕಿಲೋಮೀಟರಿಗೆ 5 ನಿಮಿಷ 40 ಸೆಕೆಂಡು. ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೂ ಇದೇ ಪೇಸ್‌ಗೆ, 2 ಗಂಟೆಯೊಳಗೆ ಮುಗಿಸಬೇಕು ಅಂತ. ಆದರೆ ಸಂಜೆ ಬಂದ ಫಲಿತಾಂಶದಲ್ಲಿ ನನ್ನ ಟೈಮ್ 2:00:59. ಮೊದಲು ಓಟಗಾರರ ಟೈಮ್ ದಾಖಲಿಸುವ ಚಿಪ್ ತಪ್ಪಾಗಿರಬೇಕು ಅಂದುಕೊಂಡೆ. ಆದರೆ ವಾಚ್ ಕೂಡ 2:00:59 ಅಂತಲೇ ತೋರಿಸುತ್ತಿತ್ತು. ಟೈಮ್ ಸರಿ, ಪೇಸ್ ಸರಿ, ಲೆಕ್ಕ ಮಾತ್ರ ಕೂಡುತ್ತಿಲ್ಲ. ನಿಜಕ್ಕೂ ತುಂಬಾ ಬೇಜಾರಾಯಿತು.

ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತ ನಮ್ಮ ಜೊತೆ ಓಡುವ ಶೆಟ್ಟರು ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ಮರುದಿನ ಇಡ್ಲಿ ತಿನ್ನುತ್ತಾ ಅವರಿಗೆ ವಾಚ್ ತೋರಿಸಿದೆ. ಅವರು ಪೇಸ್ ಕಡೆ ನೋಡಲೇ ಇಲ್ಲ. "ದೂರ ಎಷ್ಟು ತೋರಿಸ್ತದೆ ಮಾರಾಯ್ರೇ?" ಅಂದರು. 21.35 ಕಿಲೋಮೀಟರ್ ಅಂತ ಇತ್ತು. "ಹಾಫ್ ಅಂದ್ರೆ 21.0975 ಅಲ್ವಾ? ನಿಮ್ಮ ವಾಚ್ ಕಾಲು ಕಿಲೋಮೀಟರ್ ಜಾಸ್ತಿ ಓಡಿದೆ, ನೋಡಿ."

ಇಡೀ ಗೊಂದಲ ಇರುವುದು ಇಲ್ಲೇ. ಅದಕ್ಕೇ ಈ ಲೆಕ್ಕವನ್ನು ಮೊದಲಿಂದ ಹೇಳುತ್ತೇನೆ.

ಪೇಸ್‌ನಿಂದ ಮುಗಿಸುವ ಟೈಮ್ ಕಂಡುಹಿಡಿಯುವುದು ಸುಲಭ. 5:40 ಅನ್ನು ಮೊದಲು ಸೆಕೆಂಡಿಗೆ ತನ್ನಿ: 5 ಸಲ 60, ಮೇಲೆ 40, ಒಟ್ಟು 340. ಅದನ್ನು 21.0975ರಿಂದ ಗುಣಿಸಿದರೆ 7173 ಸೆಕೆಂಡು, ಅಂದರೆ 1:59:33. ಇಲ್ಲಿ ಎರಡು ತಪ್ಪು ತುಂಬಾ ಜನ ಮಾಡುತ್ತಾರೆ. ಒಂದು, 5:40 ಅನ್ನು 5.40 ಅಂತ ಕ್ಯಾಲ್ಕುಲೇಟರಿಗೆ ಹಾಕುವುದು. ಆಗ ಸುಮಾರು 114 ನಿಮಿಷ ಬರುತ್ತದೆ, 1:54 ಅಂತ ಖುಷಿಪಡುತ್ತಾರೆ. 40 ಸೆಕೆಂಡು ಅಂದರೆ ನಿಮಿಷದ ಮೂರನೇ ಎರಡು ಪಾಲು, 0.40 ಅಲ್ಲ. ಇನ್ನೊಂದು, 21ರಿಂದ ಗುಣಿಸಿ ಬಿಟ್ಟುಬಿಡುವುದು. ಆಗ 1:59:00 ಬರುತ್ತದೆ. ಉಳಿದ 97.5 ಮೀಟರ್ ಓಡಲು ಈ ಪೇಸ್‌ನಲ್ಲಿ 33 ಸೆಕೆಂಡು ಬೇಕು. 2 ಗಂಟೆಯ ಗುರಿಗೆ 33 ಸೆಕೆಂಡು ಚಿಕ್ಕದಲ್ಲ.

ನಾನು ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಹಾಕುತ್ತೇನೆ:

```
=TIME(0,5,40)*21.0975
```

ಆ ಸೆಲ್‌ನ ಫಾರ್ಮ್ಯಾಟ್ `[h]:mm:ss` ಇರಲಿ. ಸುಮ್ನೆ 5:40 ಅಂತ ಟೈಪ್ ಮಾಡಿದರೆ ಶೀಟ್ ಅದನ್ನು 5 ಗಂಟೆ 40 ನಿಮಿಷ ಅಂತ ತಿಳಿದುಕೊಳ್ಳುತ್ತದೆ, ಅದಕ್ಕೇ TIME ಬಳಸುವುದು.

2 ಗಂಟೆಗೆ ಸರಿಯಾಗಿ ಬೇಕಾದ ಪೇಸ್ 5:41ರ ಸ್ವಲ್ಪ ಮೇಲೆ, 341.27 ಸೆಕೆಂಡು. ಹಾಗಾದರೆ 5:41 ಸಾಕಲ್ವಾ ಅಂತ ಕೇಳಬಹುದು. ಕಾಗದದ ಮೇಲೆ ಸಾಕು, 1:59:54 ಬರುತ್ತದೆ. ಆದರೆ ವಾಚ್ ಪೂರ್ತಿ ಸೆಕೆಂಡು ಮಾತ್ರ ತೋರಿಸುತ್ತದೆ. ಅದು 5:41 ಅನ್ನುವಾಗ ಒಳಗೆ 341.4 ಇರಬಹುದು, ಆಗ 2:00:03 ಆಗುತ್ತದೆ. ಹಾಗಾಗಿ ನನ್ನ ಗುರಿ 5:40.

ಈಗ ಆ 21.35ರ ವಿಷಯ. ಓಟದ ದಾರಿಯನ್ನು ಅಳೆಯುವುದು ವಾಚ್‌ನಿಂದ ಅಲ್ಲ. ಸೈಕಲ್ಲಿನ ಚಕ್ರಕ್ಕೆ ಒಂದು ಕೌಂಟರ್ ಜೋಡಿಸಿ, ಓಟಗಾರ ಓಡಬಹುದಾದ ಅತಿ ಹತ್ತಿರದ ಗೆರೆಯ ಮೇಲೆ, ಪ್ರತಿ ತಿರುವಿನ ಒಳಬದಿಗೆ ತಾಗಿಕೊಂಡು ಅಳೆಯುತ್ತಾರೆ. ದಾರಿ ಅಪ್ಪಿತಪ್ಪಿಯೂ ಕಡಿಮೆಯಾಗಬಾರದು ಅಂತ ಸಾವಿರಕ್ಕೆ ಒಂದು ಪಾಲು ಜಾಸ್ತಿ ಸೇರಿಸುತ್ತಾರೆ, ಹಾಫ್‌ಗೆ ಸುಮಾರು 21 ಮೀಟರ್. ನಾವು ಆ ಗೆರೆಯ ಮೇಲೆ ಎಲ್ಲಿ ಓಡುತ್ತೇವೆ? ಜನರನ್ನು ದಾಟಲು ಆಚೆ ಈಚೆ ಸರಿಯುತ್ತೇವೆ, ನೀರಿನ ಮೇಜಿಗೆ ಹೋಗಿ ಬರುತ್ತೇವೆ, ತಿರುವಿನಲ್ಲಿ ಹೊರಗಡೆಯಿಂದ ಹೋಗುತ್ತೇವೆ. ಇದರ ಮೇಲೆ ಜಿಪಿಎಸ್‌ನ ತಪ್ಪು ಬೇರೆ. ಸೀ ಲಿಂಕ್ ಸೇತುವೆಯ ಮೇಲೆ ಆಕಾಶ ತೆರೆದಿರುತ್ತದೆ, ತೊಂದರೆ ಇಲ್ಲ. ಎತ್ತರದ ಕಟ್ಟಡಗಳ ಪಕ್ಕದಲ್ಲಿ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ವಾಚ್‌ನಲ್ಲಿ ನಮ್ಮ ದಾರಿ ಅಂಕುಡೊಂಕಾಗಿ ದಾಖಲಾಗುತ್ತದೆ, ದೂರ ಬೆಳೆಯುತ್ತದೆ.

ಆ 5:40 ವಾಚ್‌ನ ದೂರಕ್ಕೆ ಸಂಬಂಧಿಸಿದ ಪೇಸ್. 340 ಸಲ 21.35 ಅಂದರೆ 7259 ಸೆಕೆಂಡು, ಅದೇ 2:00:59! ವಾಚ್ ಸುಳ್ಳು ಹೇಳಿರಲಿಲ್ಲ. 7259 ಅನ್ನು 21.0975ರಿಂದ ಭಾಗಿಸಿದರೆ ಓಟದ ಲೆಕ್ಕದ ಪೇಸ್ 5:44. ಪ್ರತಿ ಕಿಲೋಮೀಟರಿಗೆ 4 ಸೆಕೆಂಡು ಕಳೆದುಹೋಗುತ್ತಿತ್ತು, ನನಗೆ ಕೊನೆಯವರೆಗೂ ಗೊತ್ತೇ ಆಗಲಿಲ್ಲ, ಏಕೆಂದರೆ ನಾನು ಕಿಲೋಮೀಟರ್ ಬೋರ್ಡನ್ನು ನೋಡುತ್ತಿರಲಿಲ್ಲ, ವಾಚ್ ಪ್ರತಿ ಕಿಲೋಮೀಟರಿಗೆ ತಾನೇ ಹೊಡೆಯುವ ಬೀಪ್ ನಂಬಿಕೊಂಡಿದ್ದೆ. ಗಮನಿಸಿದ್ದರೆ ಬೀಪ್ ಬೋರ್ಡಿಗಿಂತ ಮೊದಲೇ ಬರುತ್ತಿದ್ದದ್ದು ಗೊತ್ತಾಗುತ್ತಿತ್ತು. 10ನೇ ಬೋರ್ಡಿನ ಹತ್ತಿರ ಬರುವಾಗಲೇ 120 ಮೀಟರಿನಷ್ಟು ಅಂತರ ಬಿದ್ದಿರಬೇಕು, ಅಂದರೆ ಸುಮಾರು 40 ಸೆಕೆಂಡು.

ಹಾಗಾಗಿ ಈ ಸಲ ಎರಡು ಕೆಲಸ ಮಾಡಿದೆ. ವಾಚ್ ತಾನೇ ಬೀಪ್ ಹೊಡೆಯುವ ಆಟೋ ಲ್ಯಾಪ್ ಆಫ್ ಮಾಡಿ, ಪ್ರತಿ 5 ಕಿಲೋಮೀಟರ್ ಬೋರ್ಡಿನಲ್ಲಿ ಲ್ಯಾಪ್ ಬಟನ್ ಕೈಯಿಂದಲೇ ಒತ್ತುವುದು ಅಂತ ತೀರ್ಮಾನಿಸಿದೆ. ಮತ್ತೆ ಒಂದು ಕಾಗದದ ಪಟ್ಟಿ ಮಾಡಿದೆ: 5ಕ್ಕೆ 28:20, 10ಕ್ಕೆ 56:40, 15ಕ್ಕೆ 1:25:00, 20ಕ್ಕೆ 1:53:20, ಕೊನೆಗೆ 1:59:33. ಜನವರಿಯಲ್ಲೂ ಮುಂಬೈಯಲ್ಲಿ ಬೆವರು ಸುರಿಯುತ್ತದೆ, ಆದ್ದರಿಂದ ಪಟ್ಟಿಯ ಎರಡೂ ಬದಿಗೆ ಸೆಲೋ ಟೇಪ್ ಅಂಟಿಸಿ ಮಣಿಕಟ್ಟಿಗೆ ಸುತ್ತಿಕೊಂಡೆ. ಬೋರ್ಡಿನ ಮಧ್ಯೆ ವಾಚ್ ನೋಡಲೇಬೇಕು ಅನ್ನಿಸಿದಾಗ ಬೇಕಾಗುವ ಅಂಕಿಯನ್ನೂ ಬರೆದಿಟ್ಟುಕೊಂಡೆ. ಹಿಂದಿನ ಸಲ ವಾಚ್ 1.2 ಶೇಕಡಾ ಜಾಸ್ತಿ ಅಳೆದಿತ್ತು, 340 ಅನ್ನು 1.012ರಿಂದ ಭಾಗಿಸಿದರೆ 336. ಹಾಗಾಗಿ ವಾಚ್ 5:36 ತೋರಿಸಿದರೆ ಬೋರ್ಡಿನ ಲೆಕ್ಕದಲ್ಲಿ ನಾನು 5:40ರಲ್ಲಿದ್ದೇನೆ.

ಇನ್ನೊಂದು ಮಾತು. ಸ್ಟಾರ್ಟ್ ಲೈನಿನ ಮ್ಯಾಟ್ ಮೇಲೆ ಕಾಲಿಟ್ಟಾಗಲೇ ವಾಚ್ ಶುರು ಮಾಡಿ, ಚಿಪ್ ಟೈಮ್ ಶುರುವಾಗುವುದೂ ಅಲ್ಲಿಂದಲೇ. ಆ ಜನಜಂಗುಳಿಯಲ್ಲಿ ಗನ್ ಆದ ಮೇಲೆ ನಾನು ಮ್ಯಾಟ್ ತಲುಪಲು 3 ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಗನ್ ಆದ ಕ್ಷಣದಿಂದ ಓಡುವ ಗಡಿಯಾರವನ್ನು ನೋಡಿ ಪಟ್ಟಿಗೆ ಹೋಲಿಸಿದರೆ ಅನಗತ್ಯವಾಗಿ ಗಾಬರಿಯಾಗುತ್ತದೆ.

ಓಟದಲ್ಲಿ ನನ್ನ ಸ್ಪ್ಲಿಟ್, ಅಂದರೆ ಬೋರ್ಡಿನ ಹತ್ತಿರ ಬಂದ ಟೈಮ್, ಹೀಗೆ ಬಂತು. 5ನೇ ಕಿಲೋಮೀಟರ್ 28:05, ಪಟ್ಟಿಗಿಂತ 15 ಸೆಕೆಂಡು ಮುಂದೆ. 10ಕ್ಕೆ 56:20, 20 ಸೆಕೆಂಡು ಮುಂದೆ. 15ಕ್ಕೆ 1:24:50, ಇನ್ನೂ 10 ಸೆಕೆಂಡು ಮುಂದೆ.

ಈ 15ನೇ ಕಿಲೋಮೀಟರಿನ ಲೆಕ್ಕದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಪಟ್ಟಿ ನೋಡಿದರೆ ಎಲ್ಲ ಚೆನ್ನಾಗಿದೆ. ಮುಗಿಸುವ ಟೈಮ್ ತಿಳಿಯಲು ಓಡುವಾಗ ಭಾಗಾಕಾರ ಬೇಡ, ಮುಂದೆ ಇರುವ 10 ಸೆಕೆಂಡನ್ನು 1:59:33ರಿಂದ ಕಳೆದರೆ ಸಾಕು, 1:59:23. ಆದರೆ ಈ ಲೆಕ್ಕ ಹಿಡಿಯುವುದು ಉಳಿದದ್ದನ್ನು ಸರಿಯಾಗಿ 5:40ರಲ್ಲೇ ಓಡಿದರೆ ಮಾತ್ರ. ಆಗಷ್ಟೇ ಮುಗಿದ 5 ಕಿಲೋಮೀಟರ್ ಎಷ್ಟರಲ್ಲಿ ಬಂತು ಅಂತ ಲ್ಯಾಪ್ ನೋಡಿದೆ: 28:30. ಮೊದಲ 5 ಬಂದದ್ದು 28:05ರಲ್ಲಿ, ಎರಡನೆಯದು 28:15ರಲ್ಲಿ. ಒಟ್ಟು ಟೈಮ್‌ನಲ್ಲಿ ನಾನು ಮುಂದೆ ಇದ್ದೇನೆ, ಆದರೆ ಪ್ರತಿ ತುಂಡೂ ನಿಧಾನವಾಗುತ್ತಿದೆ. ಒಟ್ಟು ಟೈಮ್ ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ. ಶುರುವಿನಲ್ಲಿ ಗಳಿಸಿದ ಸೆಕೆಂಡುಗಳು ಅದನ್ನು ಮುಚ್ಚಿಬಿಡುತ್ತವೆ.

ಎರಡನೇ ಅರ್ಧದಲ್ಲಿ ಪೆಡ್ಡರ್ ರೋಡಿನ ಏರು ಇದೆ, ಗೊತ್ತಿರುವ ವಿಷಯ. ಏರಿನ ಕಿಲೋಮೀಟರಿಗೆ 18 ಸೆಕೆಂಡು ಜಾಸ್ತಿ ಹೋಯಿತು, ಇಳಿಜಾರಿನಲ್ಲಿ ವಾಪಸ್ ಬಂದದ್ದು 9. ಏರಿನಲ್ಲಿ ಕಳೆದದ್ದು ಇಳಿಯುವಾಗ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಆ ಒಂದು ಬೋರ್ಡಿನ ಸ್ಪ್ಲಿಟ್ ನೋಡಿ ಗಾಬರಿಯಾಗಬಾರದು, ಏರು ಇಳಿವು ಎರಡೂ ಮುಗಿದ ಮೇಲೆ ನೋಡಬೇಕು.

20ನೇ ಬೋರ್ಡಿನಲ್ಲಿ 1:53:31. ಈಗ ಪಟ್ಟಿಗಿಂತ 11 ಸೆಕೆಂಡು ಹಿಂದೆ, 5 ಕಿಲೋಮೀಟರಿಗೆ 28:41 ಹಿಡಿದಿತ್ತು, ಅಂದರೆ 5:44ರ ಪೇಸ್. ಹಿಂದಿನ ವರ್ಷದ ಅದೇ 5:44! 1:59:33ಕ್ಕೆ 11 ಸೇರಿಸಿದರೆ 1:59:44. ಈ ನಿಧಾನದಲ್ಲೇ ಮುಂದುವರಿದರೂ ಉಳಿದ 1.1 ಕಿಲೋಮೀಟರಿನಲ್ಲಿ ಇನ್ನು 4 ಸೆಕೆಂಡು ಮಾತ್ರ ಹೋಗುತ್ತದೆ, 1:59:48. ಕೈಯಲ್ಲಿ 12 ಸೆಕೆಂಡು ಇದೆ. ಇದು ಗೊತ್ತಾದದ್ದರಿಂದ ಕಾಲು ಹಗುರಾಯಿತು. ಕೊನೆಯ ಭಾಗ 6:07ರಲ್ಲಿ ಮುಗಿಯಿತು, ಚಿಪ್ ಟೈಮ್ 1:59:38. ವಾಚ್‌ನಲ್ಲಿ ದೂರ 21.33, ಸರಾಸರಿ ಪೇಸ್ 5:37. ಬೋರ್ಡಿನ ಲೆಕ್ಕದಲ್ಲಿ 5:40. ಈ ಸಲವೂ ಮೊದಲಿನಂತೆ ವಾಚ್‌ನ 5:40 ಹಿಡಿದು ಓಡಿದ್ದರೆ 2 ಗಂಟೆ ದಾಟುತ್ತಿತ್ತು.

ಬೋರ್ಡನ್ನೂ ಕಣ್ಣುಮುಚ್ಚಿ ನಂಬಬೇಡಿ. ಬೇರೆ ಒಂದು ಚಿಕ್ಕ ಓಟದಲ್ಲಿ 7ನೇ ಕಿಲೋಮೀಟರ್ 5:14ರಲ್ಲಿ ಬಂತು, 8ನೆಯದು 6:06ರಲ್ಲಿ. ಎರಡನ್ನೂ ಕೂಡಿದರೆ 11:20, ಸರಿಯಾಗಿ 5:40ರ ಎರಡು ಪಟ್ಟು. ಅಂದರೆ ನಾನು ಒಂದೇ ವೇಗದಲ್ಲಿದ್ದೆ, 7ನೇ ಬೋರ್ಡನ್ನು ಸುಮಾರು 75 ಮೀಟರ್ ಮೊದಲೇ ನಿಲ್ಲಿಸಿದ್ದರು. ಒಂದು ಸ್ಪ್ಲಿಟ್ ತೀರಾ ಬೇಗ, ಮುಂದಿನದು ಅಷ್ಟೇ ತಡ ಬಂದರೆ ತಪ್ಪು ಬೋರ್ಡಿನದು. ನಿಧಾನವಾದ ಸ್ಪ್ಲಿಟ್ ಆದ ಮೇಲೆ ಮುಂದಿನದೂ ನಿಧಾನವಾಗಿದ್ದರೆ ಅದು ನಮ್ಮ ಕಾಲಿನದು. ನಾನು 5 ಕಿಲೋಮೀಟರಿಗೆ ಒಂದು ಸಲ ಮಾತ್ರ ಬಟನ್ ಒತ್ತುವುದಕ್ಕೆ ಇದೂ ಒಂದು ಕಾರಣ, ಬೋರ್ಡಿನ ಚಿಕ್ಕ ತಪ್ಪು ಅಷ್ಟು ದೂರದಲ್ಲಿ ಕರಗಿಹೋಗುತ್ತದೆ.

ಮುಂದಿನ ಜನವರಿಗೆ 5:32ರ ಪಟ್ಟಿ ಬರೆದಿದ್ದೇನೆ: 27:40, 55:20, 1:23:00, 1:50:40, ಕೊನೆಗೆ 1:56:44. ವಾಚ್‌ನಲ್ಲಿ ನೋಡಬೇಕಾದ ಅಂಕಿ 5:28. ಶೆಟ್ಟರು ಅದನ್ನು ನೋಡಿ, ಮೊದಲ 5 ಕಿಲೋಮೀಟರನ್ನು 27:40ಕ್ಕಿಂತ ಬೇಗ ಮುಗಿಸುವುದಿಲ್ಲ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.