ನಾಲ್ಕು 0.99ಗಳನ್ನು ಗುಣಿಸಿ ಒಂದೇ ಸಾಲಿನಲ್ಲಿ ಬರೆದರೆ ಏನಾಗುತ್ತದೆ: ನನ್ನ ಅನುಭವ

ಹಾಲಿನ ಟ್ಯಾಂಕಿನ ತೂಕ ತೋರಿಸುವ ಪ್ಯಾನೆಲ್ ಕೊನೆಗೂ ಸ್ಥಿರವಾಗಿ ನಿಂತಿದೆ. ನನ್ನ ವಿಧಾನ ಕೇಳಿ ನಕ್ಕವರೇ ಹೆಚ್ಚು. ಹಾಗಾಗಿ ಅದು ಯಾಕೆ ಕೆಲಸ ಮಾಡಿತು, ಬೇರೆಯವರ ವಿಧಾನ ಯಾಕೆ ಮಾಡಲಿಲ್ಲ ಎಂಬುದನ್ನು ಬರೆದಿಡುತ್ತಿದ್ದೇನೆ. ಲೋಡ್ ಸೆಲ್, ಫಿಲ್ಟರ್ ಎಂದರೇನು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ.

ಟ್ಯಾಂಕಿನೊಳಗೆ ಕಲಕುವ ಯಂತ್ರ ತಿರುಗುತ್ತಲೇ ಇರುತ್ತದೆ, ತೂಕದ ಅಂಕಿ ಕುಣಿಯುತ್ತಲೇ ಇರುತ್ತದೆ. ಸೆಕೆಂಡಿಗೆ 80 ಮಾದರಿ ಬರುತ್ತವೆ. ಹಳೆಯ ಬೆಲೆಯ 99 ಪಾಲು, ಹೊಸದರ 1 ಪಾಲು ಸೇರಿಸುವ ಸರಳ ಹಂತವನ್ನು ನಾಲ್ಕು ಬಾರಿ ಹಾಯಿಸಿದರೆ ಕುಣಿತ ನಿಲ್ಲುತ್ತದೆ. ಅಂಕಿ ನೆಲೆಗೊಳ್ಳಲು ಹನ್ನೆರಡು ಸೆಕೆಂಡು ಹಿಡಿಯುತ್ತದೆ, ಟ್ಯಾಂಕಿಗೆ ಅದು ಸಾಕು. ಪ್ಯಾನೆಲ್ ಕೊಟ್ಟವರ ಫಿಲ್ಟರ್ ಬ್ಲಾಕ್ ಮಾತ್ರ ಸಹಗುಣಕಗಳ ಒಂದೇ ಪಟ್ಟಿ ಕೇಳುತ್ತಿತ್ತು. ಅವರ ಎಂಜಿನಿಯರ್ ನಾಲ್ಕೂ ಹಂತಗಳನ್ನು ಗುಣಿಸಿ, (x − 0.99)⁴ ಅನ್ನು ಬಿಡಿಸಿ ತುಂಬಿಟ್ಟಿದ್ದರು:

```
y[n] = 3.96 y[n-1] - 5.8806 y[n-2]
     + 3.881196 y[n-3] - 0.96059601 y[n-4]
     + 0.00000001 x[n]
```

ಬೀಜಗಣಿತದಲ್ಲಿ ಒಂದು ತಪ್ಪೂ ಇಲ್ಲ. ಆದರೂ ಪ್ಯಾನೆಲ್ ಚಾಲೂ ಮಾಡಿದರೆ ಅಂಕಿ ಮೊದಲ ಕೆಲವು ಸೆಕೆಂಡು ಸರಿಯಾಗಿಯೇ ಏರುತ್ತಿತ್ತು, ನಿಜವಾದ ತೂಕವನ್ನು ದಾಟುತ್ತಿತ್ತು, ಆಮೇಲೆ ನಿಲ್ಲುತ್ತಲೇ ಇರಲಿಲ್ಲ. ದೋಷ ಲೋಡ್ ಸೆಲ್‌ನದು ಎಂದು ಎರಡು ಸೆಲ್ ಬದಲಾಯಿಸಿದರು. ಅದಕ್ಕೇ ಮೂವತ್ತು ಸಾವಿರದ ಆಸುಪಾಸು ಹೋಯಿತು. ಕೇಬಲ್ ಬದಲಾಯಿತು, ಜಂಕ್ಷನ್ ಬಾಕ್ಸ್ ಬದಲಾಯಿತು, ಹೊಸ ಅರ್ಥಿಂಗ್ ಗುಂಡಿಯನ್ನೂ ತೋಡಿದರು. ಡೈರಿಯವರು ಸುಮಾರು ಎರಡು ಲಕ್ಷದ ಬಿಲ್ಲನ್ನು ತಡೆಹಿಡಿದರು. ಆಗ ನನ್ನನ್ನು ಕರೆದರು.

ನಾನು ಟ್ಯಾಂಕಿನ ಹತ್ತಿರ ಹೋಗುವ ಮೊದಲೇ ಲ್ಯಾಪ್‌ಟಾಪ್ ತೆರೆದೆ. ಪ್ಯಾನೆಲ್‌ನ ಪ್ರೊಸೆಸರ್ 32 ಬಿಟ್ ಫ್ಲೋಟ್‌ನದು ಎಂದು ಗೊತ್ತಿತ್ತು, ಅಂದರೆ ಏಳು ಅಂಕಿಗಳ ನಿಖರತೆ. ಕೂಡುವ, ಗುಣಿಸುವ ಲೆಕ್ಕವನ್ನೆಲ್ಲ ಡಬಲ್‌ನಲ್ಲೇ ಇಟ್ಟು, ಸಹಗುಣಕಗಳನ್ನು ಮಾತ್ರ ಫ್ಲೋಟ್‌ಗೆ ಇಳಿಸಿದೆ. ಏನಾದರೂ ಕೆಟ್ಟರೆ ಅದಕ್ಕೆ ಸಹಗುಣಕಗಳೇ ಕಾರಣ ಎಂದು ಖಚಿತವಾಗಬೇಕಿತ್ತು.

```python
import numpy as np
c = np.poly([0.99]*4)
f = c.astype(np.float32).astype(float)
print(f.sum())
print(abs(np.roots(f)).max())
```

ಮೊದಲ ಸಾಲು ಸಹಗುಣಕಗಳ ಮೊತ್ತ, ಅಂದರೆ x = 1 ಆದಾಗ ಬಹುಪದೋಕ್ತಿಯ ಬೆಲೆ. ಅದು 0.01ರ ನಾಲ್ಕನೇ ಘಾತ, ಅಂದರೆ 0.00000001 ಬರಬೇಕು. ಬಂದದ್ದು −0.00000006ರ ಹತ್ತಿರ. ಋಣ ಚಿಹ್ನೆ ನೋಡಿದ ಕೂಡಲೇ ನನಗೆ ಉತ್ತರ ಸಿಕ್ಕಿತು: 1ರಲ್ಲಿ ಬೆಲೆ ಸೊನ್ನೆಗಿಂತ ಕೆಳಗಿದ್ದು, x ದೊಡ್ಡದಾದಂತೆ ಮೇಲೇರುವುದರಿಂದ, 1ರ ಆಚೆ ಎಲ್ಲೋ ಒಂದು ಮೂಲ ಇರಲೇಬೇಕು. ಎರಡನೇ ಸಾಲು ಅದನ್ನೇ ಹೇಳಿತು: 1.0063. ಮೂಲ 1ಕ್ಕಿಂತ ದೊಡ್ಡದಾದರೆ ಫಿಲ್ಟರ್ ತನ್ನ ಹಿಂದಿನ ಬೆಲೆಯನ್ನು ಮರೆಯುವ ಬದಲು ಬೆಳೆಸುತ್ತದೆ. ಇಲ್ಲಿ ಸುಮಾರು 110 ಮಾದರಿಗೊಮ್ಮೆ, ಅಂದರೆ ಒಂದೂವರೆ ಸೆಕೆಂಡಿನೊಳಗೆ ಅಂಕಿ ಇಮ್ಮಡಿ. 500 ಕಿಲೊ ಕೊಟ್ಟು ಓಡಿಸಿದೆ. ಐದನೇ ಸೆಕೆಂಡಿಗೆ 500 ದಾಟಿತು, ಹತ್ತನೆಯದಕ್ಕೆ ಏಳು ಸಾವಿರದ ಹತ್ತಿರ ಬಂತು. ಟ್ಯಾಂಕೂ ಇಲ್ಲ, ಸೆಲ್ಲೂ ಇಲ್ಲ, ರೋಗ ಮಾತ್ರ ಅದೇ.

ಎಂಟನೇ ದಶಮಾಂಶದ ಏರುಪೇರು ಮೂಲವನ್ನು ಎರಡನೇ ದಶಮಾಂಶದಲ್ಲಿ ಸರಿಸಿದ್ದು ಹೇಗೆ? ಮೂಲಗಳು ದೂರ ದೂರ ಇದ್ದಾಗ, ಒಂದು ಮೂಲ ಸರಿಯುವ ಪ್ರಮಾಣ ಸುಮಾರಾಗಿ ಇಷ್ಟು: ಸಹಗುಣಕಗಳ ದೋಷದಿಂದ ಆ ಜಾಗದಲ್ಲಿ ಬಹುಪದೋಕ್ತಿಯ ಬೆಲೆ ಎಷ್ಟು ಬದಲಾಯಿತೋ ಅದನ್ನು, ಆ ಮೂಲದಿಂದ ಉಳಿದ ಮೂಲಗಳಿಗಿರುವ ದೂರಗಳ ಗುಣಲಬ್ಧದಿಂದ ಭಾಗಿಸಬೇಕು. ಉಳಿದ ಮೂರು ಮೂಲಗಳು 0.01 ದೂರದಲ್ಲಿದ್ದರೆ ಭಾಗಿಸುವ ಸಂಖ್ಯೆ ಹತ್ತು ಲಕ್ಷದಲ್ಲಿ ಒಂದು ಭಾಗ. ದೋಷ ಹತ್ತು ಲಕ್ಷ ಪಟ್ಟು ಹಿಗ್ಗುತ್ತದೆ. ಮೂಲಗಳು ಪೂರ್ತಿ ಒಂದೇ ಆದರೆ ಭಾಗಿಸಲು ಉಳಿಯುವುದು ಸೊನ್ನೆ, ಆ ಸೂತ್ರ ಅಲ್ಲಿಗೆ ಮುಗಿಯಿತು. ಆಗ ದೋಷದ ನಾಲ್ಕನೇ ಮೂಲವೇ ಸರಿಯುವ ದೂರ. 0.00000001ರ ನಾಲ್ಕನೇ ಮೂಲ ತೆಗೆದು ನೋಡಿ: 0.01. ನಮ್ಮ 0.99ಕ್ಕೂ 1ಕ್ಕೂ ಇದ್ದ ಅಂತರ ಸರಿಯಾಗಿ ಅಷ್ಟೇ.

ಇದನ್ನು ತೋರಿಸಿದಾಗ ಪ್ಯಾನೆಲ್‌ನ ಎಂಜಿನಿಯರ್, "ಹಾಗಾದರೆ ಕೊನೆಯ ಸಹಗುಣಕವನ್ನು ಸ್ವಲ್ಪ ತಿದ್ದೋಣ ಸಾರ್" ಎಂದರು. ತಿದ್ದಿಯೂ ನೋಡಿದೆ, ನನಗೂ ಕುತೂಹಲವಿತ್ತು. 0.96059601 ಎಂಬ ಆ ಸಹಗುಣಕಕ್ಕೆ ಫ್ಲೋಟ್ ಕೊಡುವ ಅತಿ ಸಣ್ಣ ಮೆಟ್ಟಿಲು ಸುಮಾರು 0.00000006. ಒಂದು ಮೆಟ್ಟಿಲು ಏರಿಸಿದರೆ ಮೊತ್ತ ಸರಿಯಾಗಿ ಸೊನ್ನೆ. ಮೂಲ 1ರ ಮೇಲೆಯೇ ಕೂರುತ್ತದೆ, ಫಿಲ್ಟರ್ ಏನನ್ನೂ ಮರೆಯುವುದಿಲ್ಲ. ಎರಡು ಮೆಟ್ಟಿಲು ಏರಿಸಿದರೆ ಮೊತ್ತ ಧನವಾಗುತ್ತದೆ, ಆದರೆ ಮೂಲಗಳು ಜೋಡಿ ಜೋಡಿಯಾಗಿ ಸಂಕೀರ್ಣ ಸಂಖ್ಯೆಗಳಾಗಿ ಪಕ್ಕಕ್ಕೆ ಸರಿಯುತ್ತವೆ. ಒಂದು ಜೋಡಿಯ ಅಳತೆ 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಂಕಿ ಏಳೆಂಟು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ತೂಗಾಡುತ್ತ ನಿಧಾನವಾಗಿ ಹಿಗ್ಗುತ್ತದೆ. ಇದು ಇನ್ನೂ ಅಪಾಯಕಾರಿ, ಏಕೆಂದರೆ ನೋಡಿದವರು ಟ್ಯಾಂಕೇ ಅಲುಗಾಡುತ್ತಿದೆ ಎಂದುಕೊಳ್ಳುತ್ತಾರೆ. ಮೂರನೆಯ ಮೆಟ್ಟಿಲಿಗೆ ಪರಿಸ್ಥಿತಿ ಮತ್ತಷ್ಟು ಕೆಡುತ್ತದೆ. ಅಂದರೆ ಆ ಒಂದು ಸಹಗುಣಕದಲ್ಲಿ ಸರಿಯಾದ ಬೆಲೆಯೇ ಇರಲಿಲ್ಲ.

ನಾನು ಮಾಡಿದ್ದು ಇಷ್ಟೇ: ಗುಣಿಸಲಿಲ್ಲ. ಅದೇ ಪ್ಯಾನೆಲ್‌ನಲ್ಲಿ ಒಂದೇ ಹಂತದ ಸಣ್ಣ ಬ್ಲಾಕ್ ಇತ್ತು. ಅದನ್ನು ನಾಲ್ಕು ಬಾರಿ ಒಂದರ ಹಿಂದೆ ಒಂದು ಜೋಡಿಸಿದೆ.

```
y = y + 0.01*(x - y)
```

"ಗುಣಿಸಿ ಬರೆದರೂ ಬಿಡಿಬಿಡಿಯಾಗಿ ಬರೆದರೂ ಲೆಕ್ಕ ಒಂದೇ ಅಲ್ಲವೇ ಸಾರ್?" ಎಂದು ಎಲ್ಲರೂ ಕೇಳಿದರು. ಕಾಗದದ ಮೇಲೆ ಒಂದೇ. ಆದರೆ ಇಲ್ಲಿ ಪ್ರತಿ ಹಂತಕ್ಕೂ ಒಂದೇ ಮೂಲ, ಅದರ ಪಕ್ಕದಲ್ಲಿ ಇನ್ನೊಂದಿಲ್ಲ. 0.01 ಅನ್ನು ಫ್ಲೋಟ್ ಎಷ್ಟು ತಪ್ಪಾಗಿ ಬರೆದರೂ ಮೂಲ ಸರಿಯುವುದು ಅಷ್ಟೇ ತಪ್ಪಿನಷ್ಟು, ಅಂದರೆ ಒಂಬತ್ತು, ಹತ್ತನೇ ದಶಮಾಂಶದಲ್ಲಿ. ಎರಡೆರಡು ಹಂತ ಸೇರಿಸಿ x² − 1.98x + 0.9801 ಎಂದು ಬರೆದಿದ್ದರೂ ನಡೆಯುತ್ತಿತ್ತು. ಅಲ್ಲಿ ಬರುವುದು ವರ್ಗಮೂಲ. ಕೋಟಿಯಲ್ಲಿ ಒಂದು ಭಾಗದ ದೋಷಕ್ಕೆ ಮೂಲ 0.0003ರಷ್ಟು ಸರಿಯುತ್ತದೆ, 1ಕ್ಕೆ ಇನ್ನೂ ಬೇಕಾದಷ್ಟು ಜಾಗ ಉಳಿಯುತ್ತದೆ. ಜೋಡಿಸಿದ ದಿನದಿಂದ ಅಂಕಿ ನಿಂತಿದೆ. ಡೈರಿಯ ಬಿಲ್ಲು ಆ ತಿಂಗಳೇ ಬಂತು. ನನ್ನ ಪಾಲು ಅವರು ಹಾಳು ಮಾಡಿದ ಲೋಡ್ ಸೆಲ್‌ಗಳ ಬೆಲೆಗಿಂತ ಕಡಿಮೆ. ವಿದ್ಯುತ್ ಹೋಗಿ ಬಂದಾಗ ಹನ್ನೆರಡು ಸೆಕೆಂಡು ಕಾಯದೆ ತೂಕ ತಟ್ಟನೆ ಬರುವಂತೆಯೂ ಮಾಡಿದ್ದೇನೆ. ಅದರ ಗುಟ್ಟು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಇನ್ನೊಂದು ಸಲಹೆಯೂ ಬಂದಿತ್ತು: ಎಪ್ಪತ್ತು ಸಾವಿರದ ಡಬಲ್ ನಿಖರತೆಯ ಪ್ರೊಸೆಸರ್ ಹಾಕಿಸಿ ಎಂದು. ನಾಲ್ಕು ಹಂತಕ್ಕೆ ಅದು ಖಂಡಿತ ಸಾಕಾಗುತ್ತಿತ್ತು. ಆದರೆ ಮನೆಗೆ ಬಂದು ಮೇಲಿನ ಕೋಡಿನಲ್ಲಿ ಫ್ಲೋಟ್‌ನ ಸಾಲನ್ನು f = c ಎಂದು ಬದಲಿಸಿ, 4 ಇದ್ದಲ್ಲಿ 8 ಹಾಕಿದೆ. ಈಗ ಎಲ್ಲವೂ ಡಬಲ್. ಎಂಟನೇ ಘಾತದಲ್ಲಿ ನಡುವಿನ ಸಹಗುಣಕ 67ರ ಸುತ್ತ ಬರುತ್ತದೆ, ಅದರ ದೋಷ ಹದಿನಾಲ್ಕು, ಹದಿನೈದನೇ ದಶಮಾಂಶದಲ್ಲಿ. ಅಷ್ಟು ಸಣ್ಣದರ ಎಂಟನೇ ಮೂಲ ತೆಗೆದರೆ 0.015ರ ಆಸುಪಾಸು. ಎಂಟೂ ಮೂಲಗಳು 0.99ರ ಸುತ್ತ ಉಂಗುರದಂತೆ ಹರಡಿ ನಿಂತವು, ಕೆಲವು 1ರ ಗಡಿ ದಾಟಿದ್ದವು. ಎಪ್ಪತ್ತು ಸಾವಿರದ ಪ್ರೊಸೆಸರ್ ಕೊಂಡವರು ಮುಂದೆ ಎಂಟು ಹಂತ ಬೇಕೆಂದರೆ ಮತ್ತೆ ಲೋಡ್ ಸೆಲ್ ಬಿಚ್ಚುತ್ತಿದ್ದರು.